ಒಂದು ಗ್ರಾಂ ಪ್ರೋಟೀನ್‌ಗೆ ಎಷ್ಟು ರೂಪಾಯಿ? ಬೇಳೆ, ಮೊಟ್ಟೆ, ಪನೀರ್, ಪುಡಿ

ಲೆಕ್ಕ ಸುಲಭ: ಕೊಟ್ಟ ದುಡ್ಡನ್ನು ಸಿಕ್ಕ ಪ್ರೋಟೀನ್‌ನಿಂದ ಭಾಗಿಸಬೇಕು, ಅಷ್ಟೇ. ಎಡವುವುದೆಲ್ಲ ಆ "ಸಿಕ್ಕ ಪ್ರೋಟೀನ್" ಅನ್ನುವ ಅಂಕಿಯಲ್ಲಿ. ಇಲ್ಲಿ ಹಿಡಿದಿರುವ ದರಗಳು ಉದಾಹರಣೆಗೆ ಮಾತ್ರ: ತೊಗರಿಬೇಳೆ ಕಿಲೋಗೆ 140 ರೂಪಾಯಿ, ಮೊಟ್ಟೆ 7, ಪನೀರ್ ಕಿಲೋಗೆ 400, ಹಾಲು ಒಡೆದಾಗ ಉಳಿಯುವ ನೀರಿನ ಪ್ರೋಟೀನ್‌ನಿಂದ ಮಾಡುವ ವೇ ಪುಡಿ ಕಿಲೋಗೆ 2,400. ನಿಮ್ಮ ಅಂಗಡಿಯ ದರ ಬೇರೆಯಿದ್ದರೆ ಅದನ್ನೇ ಹಾಕಿಕೊಳ್ಳಿ.

ತೊಗರಿಬೇಳೆಯಲ್ಲಿ 100 ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಹಾಗಾಗಿ ಗ್ರಾಂಗೆ 64 ಪೈಸೆ. ಆದರೆ ಈ 22 ಹಸಿ ಬೇಳೆಯ ಅಂಕಿ. ಬೆಂದ ಬೇಳೆ ನೀರು ಕುಡಿದು ಎರಡೂವರೆ ಪಟ್ಟಿಗಿಂತ ಹೆಚ್ಚು ತೂಗುತ್ತದೆ, ಅದನ್ನು ತೂಗಿ 22ರಿಂದ ಗುಣಿಸಿದರೆ ಇಲ್ಲದ ಪ್ರೋಟೀನ್ ಕಾಗದದ ಮೇಲೆ ಹುಟ್ಟಿಕೊಳ್ಳುತ್ತದೆ. ಕುಕ್ಕರಿಗೆ ಹಾಕುವ ಮೊದಲೇ ತೂಗಿ, ತಲೆ ಲೆಕ್ಕದಲ್ಲಿ ಹಂಚಿ. ನಾಲ್ವರ ಸಾರಿಗೆ 100 ಗ್ರಾಂ ಬೇಳೆ ಹಾಕಿದರೆ ಒಬ್ಬರಿಗೆ ಬರುವುದು ಐದೂವರೆ ಗ್ರಾಂ, ಅದೂ ತಳದ ಬೇಳೆಯನ್ನು ಸರಿಯಾಗಿ ಕಲಸಿ ಬಡಿಸಿದರೆ. ಮೇಲಿನ ತಿಳಿಯನ್ನಷ್ಟೇ ಬಡಿಸಿಕೊಂಡವರಿಗೆ ಅದೂ ಇಲ್ಲ. ಗಟ್ಟಿ ಹುಳಿಗೆ ತಲೆಗೆ 50 ಗ್ರಾಂ ಹಾಕಿದಾಗ 11 ಗ್ರಾಂ ಮುಟ್ಟುತ್ತದೆ.

ಬೇಳೆಯ ಪ್ರೋಟೀನ್ ಮೊಟ್ಟೆಯಷ್ಟು ಪೂರ್ತಿ ದಕ್ಕುವುದಿಲ್ಲ ಎನ್ನುವ ಮಾತು ನಿಜ. ಪ್ರೋಟೀನ್ ಕಟ್ಟುವ ಅಮೈನೋ ಆಮ್ಲಗಳ ಪೈಕಿ ಅದರಲ್ಲಿ ಮೆಥಿಯೋನಿನ್ ಕಡಿಮೆ, ಲೈಸಿನ್ ಹೆಚ್ಚು. ಅಕ್ಕಿಯಲ್ಲಿ ಇದು ಉಲ್ಟಾ, ಅದಕ್ಕೇ ಅನ್ನದ ಜೊತೆ ತಿಂದಾಗ ಕೊರತೆ ಬಹುಮಟ್ಟಿಗೆ ತುಂಬುತ್ತದೆ. ಇದನ್ನು ಗಣನೆಗೆ ತೆಗೆದುಕೊಂಡು 64 ಪೈಸೆಯನ್ನು ಒಂದೂವರೆ ಪಟ್ಟು ಮಾಡಿದರೂ 96 ಪೈಸೆ, ಮೊಟ್ಟೆಗಿಂತ ಅಗ್ಗವೇ.

ಮೊಟ್ಟೆಯನ್ನು ತೂಗುವಾಗ ಚಿಪ್ಪನ್ನು ಮರೆಯಬೇಡಿ. 55 ಗ್ರಾಂನ ಮೊಟ್ಟೆ ಒಡೆದರೆ ಬಟ್ಟಲಿಗೆ ಬೀಳುವುದು ಸುಮಾರು 48 ಗ್ರಾಂ, ಅದರಲ್ಲಿ ಪ್ರೋಟೀನ್ 6.3 ಗ್ರಾಂ. ಗ್ರಾಂಗೆ 1 ರೂಪಾಯಿ 11 ಪೈಸೆ. ಈಗ ಜಿಮ್‌ನವರ ಅಭ್ಯಾಸ ನೋಡಿ: ಹಳದಿ ತೆಗೆದು ಬಿಳಿ ಮಾತ್ರ. ಬಿಳಿಯಲ್ಲಿರುವುದು ಮೂರೂವರೆ ಗ್ರಾಂ. ಅದೇ 7 ರೂಪಾಯಿಯನ್ನು ಮೂರೂವರೆಯಿಂದ ಭಾಗಿಸಿದರೆ ಗ್ರಾಂಗೆ 2 ರೂಪಾಯಿ. ಹಳದಿಯ ಜೊತೆ ಅಗ್ಗವೂ ಕಸದ ಬುಟ್ಟಿಗೆ ಹೋಯಿತು.

ಪನೀರ್‌ನಲ್ಲಿ 100 ಗ್ರಾಂಗೆ 18 ಗ್ರಾಂ ಎಂದು ಹಿಡಿದರೆ ಗ್ರಾಂಗೆ 2 ರೂಪಾಯಿ 22 ಪೈಸೆ. ಇಲ್ಲಿ ಮೋಸ ಮಾಡುವುದು ನೀರು. ಬಿಡಿಯಾಗಿ ತಂದ 200 ಗ್ರಾಂ ತುಂಡನ್ನು ಬಟ್ಟೆಯಲ್ಲಿ ಸುತ್ತಿ, ಮೇಲೆ ಭಾರ ಇಟ್ಟು ಅರ್ಧ ಗಂಟೆ ಬಿಟ್ಟು ಮತ್ತೆ ತೂಗಿ. 180ಕ್ಕೆ ಇಳಿದರೆ ನೀವು ಕೊಟ್ಟದ್ದು ಕಿಲೋಗೆ 400 ಅಲ್ಲ, ಸುಮಾರು 444. ತುಂಡಿನ ಮೇಲೆ ಒಂದು ಹನಿ ಅಯೋಡಿನ್ ಬಿಟ್ಟಾಗ ಕಡುನೀಲಿ ಬಂದರೆ ಪಿಷ್ಟ ಬೆರೆಸಿದ್ದಾರೆ ಎಂದರ್ಥ. ಆದರೆ ವನಸ್ಪತಿ ಎಣ್ಣೆಯಿಂದ ಮಾಡಿದ ನಕಲಿ ಪನೀರ್ ಈ ಪರೀಕ್ಷೆಗೆ ಸಿಕ್ಕಿಬೀಳುವುದಿಲ್ಲ.

ಮನೆಯಲ್ಲೇ ಒಡೆದರೆ? ಲೀಟರ್‌ಗೆ 50 ರೂಪಾಯಿಯ ಹಾಲಿನಲ್ಲಿ ಸುಮಾರು 32 ಗ್ರಾಂ ಪ್ರೋಟೀನ್ ಇರುತ್ತದೆ. ಅದರಲ್ಲಿ ಐದನೇ ಒಂದು ಭಾಗದವರೆಗೆ ಸೋಸಿದ ನೀರಿನಲ್ಲಿ ಹೋಗಬಹುದು, ಬಟ್ಟೆಯಲ್ಲಿ ಉಳಿಯುವುದು 26ರ ಆಸುಪಾಸು. ಆಗ ಗ್ರಾಂಗೆ 1 ರೂಪಾಯಿ 92 ಪೈಸೆ, ಹಾಗೇ ಹಾಲು ಕುಡಿದಿದ್ದರೆ 1 ರೂಪಾಯಿ 56 ಪೈಸೆ. ಸೋಸಿದ ನೀರಿನಲ್ಲಿ ಚಪಾತಿ ಹಿಟ್ಟು ಕಲಸಿದರೆ ಆ ನಷ್ಟವೂ ತಟ್ಟೆಗೇ ವಾಪಸ್ಸು.

ವೇ ಪುಡಿಯ ಡಬ್ಬಿಯಲ್ಲಿ 33 ಗ್ರಾಂಗೆ 24 ಗ್ರಾಂ ಪ್ರೋಟೀನ್ ಎಂದಿದ್ದರೆ ಕಿಲೋ ಡಬ್ಬಿಯಲ್ಲಿರುವುದು 727 ಗ್ರಾಂ. ಗ್ರಾಂಗೆ 3 ರೂಪಾಯಿ 30 ಪೈಸೆ, ನಾಲ್ಕರಲ್ಲಿ ಇದೇ ದುಬಾರಿ. ಡಬ್ಬಿಯೊಳಗಿನ ಚಮಚ ಅಳೆಯುವುದು ಗಾತ್ರವನ್ನು, ತೂಕವನ್ನಲ್ಲ. ಕುಲುಕಿ ಅದುಮಿ ತುಂಬಿದರೆ ಹೆಚ್ಚು, ಸಡಿಲವಾಗಿ ತುಂಬಿದರೆ ಕಡಿಮೆ, ಹಾಗಾಗಿ ಒಮ್ಮೆ ತೂಗಿ ನೋಡಿ. ಪದಾರ್ಥಗಳ ಪಟ್ಟಿಯಲ್ಲಿ ಗ್ಲೈಸಿನ್, ಟಾರಿನ್ ಬೇರೆಬೇರೆಯಾಗಿ ಕಂಡರೆ ಅನುಮಾನಿಸಿ. ಪ್ರೋಟೀನ್ ಎಷ್ಟಿದೆ ಎಂದು ತಿಳಿಯಲು ಸಾಮಾನ್ಯ ಪರೀಕ್ಷೆಯಲ್ಲಿ ಸಾರಜನಕ ಅಳೆದು 6.25ರಿಂದ ಗುಣಿಸುತ್ತಾರೆ. ಈ ಅಗ್ಗದ ಪುಡಿಗಳ ಸಾರಜನಕವೂ ಪ್ರೋಟೀನ್ ಎಂದೇ ಲೆಕ್ಕಕ್ಕೆ ಬಂದುಬಿಡುತ್ತದೆ.

ಹಾಗಾದರೆ ಎಲ್ಲರೂ ಬೇಳೆ ತಿಂದರೆ ಸಾಕೇ? 20 ಗ್ರಾಂ ಪ್ರೋಟೀನ್‌ಗೆ ಬೇಳೆ ಬೇಕಾದದ್ದು 91 ಗ್ರಾಂ, ಖರ್ಚು 13 ರೂಪಾಯಿ, ಶಕ್ತಿ ಸುಮಾರು 300 ಕ್ಯಾಲೊರಿ. ಅಷ್ಟು ಬೇಳೆ ಒಂದೇ ಊಟಕ್ಕೆ ಹಲವರ ಹೊಟ್ಟೆಗೆ ಭಾರ, ಗ್ಯಾಸ್ ಬೇರೆ. ಮೂರು ಮೊಟ್ಟೆಗಿಂತ ಚೂರು ಹೆಚ್ಚಾದರೆ 22 ರೂಪಾಯಿ, ಪನೀರ್ 111 ಗ್ರಾಂ ಅಂದರೆ 44 ರೂಪಾಯಿ, ಅದರಲ್ಲೂ 300 ಕ್ಯಾಲೊರಿಯ ಆಸುಪಾಸು. ಪುಡಿ 66 ರೂಪಾಯಿ, ಕ್ಯಾಲೊರಿ ನೂರರ ಆಚೀಚೆ ಮಾತ್ರ. ತೂಕ ಇಳಿಸುವವರು ಆ ಹೆಚ್ಚಿನ ದುಡ್ಡು ಕೊಡುವುದು ಈ ಕಡಿಮೆ ಕ್ಯಾಲೊರಿಗೆ. ಉಳಿದವರಿಗೆ ಮಧ್ಯಾಹ್ನ ಹುಳಿ, ರಾತ್ರಿ ಎರಡು ಇಡೀ ಮೊಟ್ಟೆ ಇದ್ದರೆ 24 ಗ್ರಾಂ ಹತ್ತಿರ ಆಗುತ್ತದೆ, ಖರ್ಚು 21 ರೂಪಾಯಿ.