ಕನ್ನಡ ಪಠ್ಯಕ್ಕೆ ವರ್ಡ್‌ಟುವೆಕ್ ಬೇಕೋ, ಫಾಸ್ಟ್‌ಟೆಕ್ಸ್ಟ್ ಬೇಕೋ?

ಎರಡೂ ಪ್ರತಿ ಪದಕ್ಕೂ ಒಂದು ಅಂಕಿಸಾಲು, ಅಂದರೆ ಅಂಕಿಗಳ ಪಟ್ಟಿ, ಕಲಿಯುವ ಸಾಧನಗಳು; ಅರ್ಥ ಹತ್ತಿರವಿದ್ದರೆ ಅಂಕಿಸಾಲೂ ಹತ್ತಿರ. ಎರಡರ ಬುನಾದಿ ಒಂದೇ. 'ಮಜ್ಜಿಗೆ'ಯ ಅಕ್ಕಪಕ್ಕ ಉಪ್ಪು, ಅನ್ನ, ಕುಡಿ ಎಂಬ ಪದಗಳು ಬರುತ್ತವೆ. 'ಮೊಸರಿ'ನ ಅಕ್ಕಪಕ್ಕವೂ ಹೆಚ್ಚುಕಡಿಮೆ ಅವೇ. ಹಾಗಾಗಿ ಎರಡಕ್ಕೂ ಹತ್ತಿರದ ಅಂಕಿಸಾಲು ಸಿಗುತ್ತದೆ.

2013ರಲ್ಲಿ ಗೂಗಲ್‌ನಿಂದ ಬಂದ ವರ್ಡ್‌ಟುವೆಕ್ ಪ್ರತಿ ಪದರೂಪವನ್ನೂ ಬೇರೆ ಪದವೆಂದೇ ಎಣಿಸುತ್ತದೆ. ಕನ್ನಡದಲ್ಲಿ ಕಷ್ಟ ಆಗೋದೇ ಇಲ್ಲಿ. ಮನೆ, ಮನೆಯಲ್ಲಿ, ಮನೆಗಳಿಂದಲೂ: ಇವುಗಳ ಕಾಗುಣಿತದ ನಂಟು ಅದಕ್ಕೆ ಕಾಣುವುದಿಲ್ಲ. ಸಾಮಾನ್ಯ ಸೆಟ್ಟಿಂಗ್‌ನಲ್ಲಿ 5ಕ್ಕಿಂತ ಕಡಿಮೆ ಸಲ ಬಂದ ರೂಪವನ್ನು ಬಿಟ್ಟೇ ಬಿಡುತ್ತದೆ. ನಮ್ಮಲ್ಲಿ ಅಂಥವು ತುಂಬಾ ಜಾಸ್ತಿ, ಅಲ್ವಾ?

ಫೇಸ್‌ಬುಕ್‌ನ ಫಾಸ್ಟ್‌ಟೆಕ್ಸ್ಟ್ ಪದವನ್ನು 3ರಿಂದ 6 ಅಕ್ಷರಚಿಹ್ನೆಗಳ ತುಂಡು ಮಾಡಿ, ಆ ತುಂಡುಗಳ ಅಂಕಿಗಳನ್ನೂ ಸೇರಿಸುತ್ತದೆ. 'ಮನೆ' ಎಂಬ ತುಂಡು ಮೂರೂ ರೂಪಗಳಲ್ಲಿದೆ. ಹಿಂದೆ ನೋಡದ 'ಮನೆಗಳಿಂದಲೂ' ಬಂದರೂ ಅಂಕಿಸಾಲು ಕಟ್ಟಬಲ್ಲದು. ಒಂದು ಎಚ್ಚರಿಕೆ: ಹೀಗೆ ಹೊಸ ಪದಕ್ಕೆ ಅಂಕಿಸಾಲು ಕಟ್ಟಲು ತರಬೇತಿಯಿಂದ ಬಂದ `.bin` ಫೈಲೇ ಬೇಕು. `.vec` ಫೈಲಿನಲ್ಲಿ ತುಂಡುಗಳಿರುವುದಿಲ್ಲ.

ಇದಕ್ಕೂ ಒಂದು ದೋಷವಿದೆ. 'ಕಡಲು', 'ಕಡಲೆ' ಎರಡರಲ್ಲೂ 'ಕಡಲ' ಇದೆ. ಪಠ್ಯ ಕಡಿಮೆಯಿದ್ದರೆ ಸಮುದ್ರದ ಪಕ್ಕ ಕಾಳು ಬಂದು ಕೂರಬಹುದು. ತರಬೇತಿ ಮುಗಿದ ಮೇಲೆ ಇದನ್ನು ಓಡಿಸಿ, ನಿಮಗೆ ಗೊತ್ತಿರುವ ಇಪ್ಪತ್ತು ಪದ ಕೊಟ್ಟು ನೋಡಿ:

```
./fasttext nn model.bin
```

ನೆರೆಯ ಪದಗಳು ಕಾಗುಣಿತದಲ್ಲಿ ಮಾತ್ರ ಹೋಲುತ್ತಿದ್ದರೆ, ತುಂಡಿನ ಕನಿಷ್ಠ ಉದ್ದವನ್ನು ಹೆಚ್ಚಿಸಿ.

'ಬಿಸಿ'ಗೆ 'ತಣ್ಣನೆ' ನೆರೆಯಾಗುವುದು ಮಾತ್ರ ಎರಡರಲ್ಲೂ ತಪ್ಪದು. ಎರಡೂ ನೀರು, ಗಾಳಿಯ ಜೊತೆಗೇ ಬರುತ್ತವಲ್ಲ.

ನಾನಂತೂ ಕನ್ನಡಕ್ಕೆ ಫಾಸ್ಟ್‌ಟೆಕ್ಸ್ಟ್ ಆರಿಸುತ್ತೇನೆ. ಪ್ರತ್ಯಯಗಳನ್ನು ಮೊದಲೇ ಬಿಡಿಸಿಟ್ಟ ಪಠ್ಯ ನಿಮ್ಮಲ್ಲಿದ್ದರೆ, ಮೆಮೊರಿಯೂ ಕಡಿಮೆಯಿದ್ದರೆ, ವರ್ಡ್‌ಟುವೆಕ್ ಸಾಕು.