ತೊಗರಿ ಬೇಳೆ, ಸೋಯಾ, ಪನೀರ್, ಮೊಳಕೆ ಕಾಳು: ನನಗೆ ಹೊಂದಿದ್ದು ಅಕ್ಕನಿಗೆ ಯಾಕೆ ಹೊಂದಲಿಲ್ಲ

ನನಗೂ ಶುಗರ್ ಇದೆ, ಬೀದರಿನಲ್ಲಿರುವ ನನ್ನ ಅಕ್ಕನಿಗೂ ಇದೆ. ಇಬ್ಬರೂ ಸಸ್ಯಾಹಾರಿಗಳು. ಅನ್ನ, ರೊಟ್ಟಿ ಕಡಿಮೆ ಮಾಡಿ ಪ್ರೋಟೀನ್ ಕಡೆ ಗಮನ ಕೊಡಿ ಎಂಬ ಮಾತು ಇಬ್ಬರ ಕಿವಿಗೂ ಬಿದ್ದಿದೆ. ಆದರೆ ನನ್ನ ಕಿಡ್ನಿ ಸದ್ಯ ಚೆನ್ನಾಗಿದೆ, ಅಕ್ಕನದು ಸ್ವಲ್ಪ ಸೋತಿದೆ. ಅದೊಂದರಿಂದಲೇ ನಮ್ಮಿಬ್ಬರ ತಟ್ಟೆ ಬೇರೆ ಬೇರೆ ಆಯಿತು.

ಮೊದಲು ನನ್ನ ತಟ್ಟೆ. ನಾನು ಕಲಬುರಗಿಯವನು, ಮಧ್ಯಾಹ್ನ ರೊಟ್ಟಿ ಇಲ್ಲದೆ ಊಟ ಆಗುವುದಿಲ್ಲ. ಹಾಗಾಗಿ ಎರಡು ಜೋಳದ ರೊಟ್ಟಿ, ಒಂದು ಬಟ್ಟಲು ಪಲ್ಯ, ಒಂದು ಲೋಟ ಮಜ್ಜಿಗೆ, ಇಷ್ಟನ್ನು ಬದಲಿಸದೆ ಹಾಗೇ ಇಟ್ಟುಕೊಂಡೆ. ಜೊತೆಗಿನ ಪದಾರ್ಥ ಮಾತ್ರ ಬದಲಿಸುತ್ತಾ ಹೋದೆ. ಪ್ರತಿ ಸಲವೂ ಅದರಿಂದ ಸುಮಾರು 15 ಗ್ರಾಂ ಪ್ರೋಟೀನ್ ಬರುವಂತೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಮಾಡಿದೆ. ಊಟಕ್ಕೆ ಮುಂಚೆ ಒಮ್ಮೆ, ಮೊದಲ ತುತ್ತಿನಿಂದ ಲೆಕ್ಕ ಹಾಕಿ ಎರಡು ಗಂಟೆ ಬಿಟ್ಟು ಇನ್ನೊಮ್ಮೆ ಗ್ಲೂಕೋಮೀಟರ್‌ನಲ್ಲಿ ನೋಡಿದೆ. ಮನೆಯ ಗ್ಲೂಕೋಮೀಟರ್ ಲ್ಯಾಬಿನ ರಿಪೋರ್ಟಿಗಿಂತ ಶೇ. 15ರಷ್ಟು ಆಚೀಚೆ ತೋರಿಸಬಹುದು. ಅದಕ್ಕೇ ಹತ್ತು ಹದಿನೈದು ಅಂಕದ ವ್ಯತ್ಯಾಸವನ್ನು ನಾನು ವ್ಯತ್ಯಾಸ ಎಂದೇ ಎಣಿಸಲಿಲ್ಲ.

ತೊಗರಿ ಬೇಳೆಯಿಂದ ಶುರು ಮಾಡಿದೆ. ನಮ್ಮ ಊರಿನ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಜಿಐ ಮಾನ್ಯತೆಯೂ ಸಿಕ್ಕಿದೆ, ಮನೆಯಲ್ಲಿ ಅದು ಇಲ್ಲದ ದಿನವೇ ಇಲ್ಲ. ನಾವೆಲ್ಲ ಬೇಳೆ ಎಂದರೆ ಪ್ರೋಟೀನ್ ಎಂದುಕೊಳ್ಳುತ್ತೇವೆ ಅಲ್ವಾ? ತೂಗಿ ನೋಡಿದರೆ ಲೆಕ್ಕ ಬೇರೆ. ಒಂದು ಬಟ್ಟಲು ಬೇಳೆಗೆ ನಮ್ಮ ಮನೆಯಲ್ಲಿ ಬೀಳುವುದು ಸುಮಾರು 30 ಗ್ರಾಂ ಒಣ ಬೇಳೆ. ಅದರಲ್ಲಿರುವುದು ಆರೂವರೆ ಗ್ರಾಂ ಪ್ರೋಟೀನ್ ಮಾತ್ರ. 15 ಗ್ರಾಂ ಬೇಕಿದ್ದರೆ 70 ಗ್ರಾಂ ಒಣ ಬೇಳೆ ಬೇಯಿಸಬೇಕು. ಅಷ್ಟು ಬೇಳೆಯ ಜೊತೆ 35ರಿಂದ 40 ಗ್ರಾಂ ಕಾರ್ಬ್ ಕೂಡ ಹೊಟ್ಟೆಗೆ ಹೋಗುತ್ತದೆ. 50 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿರುವುದೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಎರಡು ರೊಟ್ಟಿಯ ಜೊತೆ ಎರಡು ಬಟ್ಟಲಿಗಿಂತ ಜಾಸ್ತಿ ಗಟ್ಟಿ ಬೇಳೆ ಉಂಡರೆ, ಕಾರ್ಬ್ ಲೆಕ್ಕದಲ್ಲಿ ಮೂರು ರೊಟ್ಟಿ ಉಂಡ ಹಾಗೆ.

ಬೇಳೆಯಲ್ಲಿ ನಾರಿದೆ, ಅದರ ಪಿಷ್ಟ ನಿಧಾನವಾಗಿ ಕರಗುತ್ತದೆ, ಆದ್ದರಿಂದ ಶುಗರ್ ರೊಟ್ಟಿಯಷ್ಟು ಜೋರಾಗಿ ಏರುವುದಿಲ್ಲ. ಆದರೂ ಏರುತ್ತದೆ. ಊಟಕ್ಕೆ ಮುಂಚೆ 130ರ ಆಸುಪಾಸು ಇದ್ದದ್ದು ಎರಡು ರೊಟ್ಟಿ ಮತ್ತು ಆ ಬೇಳೆಯ ನಂತರ 195, 200 ತೋರಿಸುತ್ತಿತ್ತು. ಕೊನೆಗೆ ಸ್ವಲ್ಪ ಅನ್ನ ಕಲಸಿಕೊಂಡ ದಿನ ಅದನ್ನೂ ದಾಟಿತು. ಒಂದು ರೊಟ್ಟಿ ತೆಗೆದು ಅದೇ ಬೇಳೆ ಉಂಡಾಗ 165ರ ಹತ್ತಿರ ನಿಂತಿತು. ಬೇಳೆ ರೊಟ್ಟಿಯ ಜಾಗಕ್ಕೆ ಬಂದರೆ ಲಾಭ, ರೊಟ್ಟಿಯ ಮೇಲೆ ಹೆಚ್ಚುವರಿಯಾಗಿ ಬಂದರೆ ಲಾಭ ಇಲ್ಲ.

ಇಲ್ಲೊಂದು ಎಚ್ಚರಿಕೆ. ಗ್ಲಿಮಿಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಸುಮ್ನೆ ರೊಟ್ಟಿ ಕಡಿಮೆ ಮಾಡಿಬಿಡಬಾರದು. ಔಷಧಿಯ ಪ್ರಮಾಣ ಹಳೆಯ ಊಟಕ್ಕೆ ಹೊಂದಿಸಿದ್ದು. ಶುಗರ್ 70ಕ್ಕಿಂತ ಕೆಳಗಿಳಿದು ಬೆವರು, ನಡುಕ, ತಲೆ ಸುತ್ತು ಬರಬಹುದು. ಮೊದಲು ಡಾಕ್ಟರಿಗೆ ಹೇಳಿ, ಆಮೇಲೆ ತಟ್ಟೆ ಬದಲಿಸಿ.

ಸೋಯಾ ಚಂಕ್ಸ್ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೇಲು. 30 ಗ್ರಾಂ ಒಣ ಚಂಕ್ಸ್‌ನಲ್ಲೇ 15 ಗ್ರಾಂ ಪ್ರೋಟೀನ್ ಬಂದುಬಿಡುತ್ತದೆ. ಕಾರ್ಬ್ ಹತ್ತು ಗ್ರಾಂ, ಅದರಲ್ಲೂ ಒಂದಷ್ಟು ನಾರೇ. ಎರಡು ರೊಟ್ಟಿ ಹಾಗೇ ಇಟ್ಟುಕೊಂಡರೂ ಎರಡು ಗಂಟೆಯ ನಂತರ 170ರ ಒಳಗೇ ಇತ್ತು. ಇದು ಎಣ್ಣೆ ತೆಗೆದ ಸೋಯಾ ಹಿಟ್ಟಿನಿಂದ ಮಾಡುವ ಪದಾರ್ಥ, ಕೊಬ್ಬೂ ಬಹಳ ಕಡಿಮೆ. ಕೆಲವರಿಗೆ ಇದು ಹೊಟ್ಟೆ ಉಬ್ಬರಿಸುತ್ತದೆ. ಕುದಿವ ನೀರಿಗೆ ಹಾಕಿ ಹತ್ತು ನಿಮಿಷ ಬಿಟ್ಟು, ಚೆನ್ನಾಗಿ ಹಿಂಡಿ, ಆ ನೀರು ಚೆಲ್ಲಿ, ತಣ್ಣೀರಲ್ಲಿ ಇನ್ನೊಮ್ಮೆ ತೊಳೆದು ಹಿಂಡಿದರೆ ವಾಸನೆಯೂ ಉಬ್ಬರವೂ ಕಡಿಮೆ. ಈರುಳ್ಳಿ, ಬೆಳ್ಳುಳ್ಳಿ ಖಾರ ಹಾಕಿ ಒಣ ಪಲ್ಯ ಮಾಡಿದರೆ ರೊಟ್ಟಿಗೆ ಚೆನ್ನಾಗಿ ಕೂಡುತ್ತದೆ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಮಾತ್ರೆಯ ಹೊತ್ತಿಗೂ ಸೋಯಾ ತಿನ್ನುವ ಹೊತ್ತಿಗೂ ಕೆಲವು ಗಂಟೆ ಅಂತರ ಇಡಬೇಕು. ಸೋಯಾ ಆ ಮಾತ್ರೆ ಮೈಗೆ ಹತ್ತುವುದನ್ನು ತಡೆಯುತ್ತದೆ.

ಪನೀರ್ 80 ಗ್ರಾಂ ತಿಂದರೆ 15 ಗ್ರಾಂ ಪ್ರೋಟೀನ್. ಕಾರ್ಬ್ ಲೆಕ್ಕಕ್ಕಿಲ್ಲದಷ್ಟು. ಎರಡು ಗಂಟೆಯ ಅಂಕ ನೋಡಿದರೆ ಸೋಯಾಕ್ಕೆ ಸರಿಸಮ. ಆದರೆ ಆ ಅಂಕವನ್ನು ಪೂರ್ತಿ ನಂಬಬೇಡಿ. ಗಟ್ಟಿ ಹಾಲಿನ ಪನೀರ್‌ನಲ್ಲಿ ಕೊಬ್ಬು ಜಾಸ್ತಿ, ಮೇಲೆ ಒಗ್ಗರಣೆಯ ಎಣ್ಣೆ ಬೇರೆ. ಕೊಬ್ಬಿನ ಊಟ ಹೊಟ್ಟೆಯಿಂದ ನಿಧಾನವಾಗಿ ಇಳಿಯುತ್ತದೆ, ರೊಟ್ಟಿಯ ಶುಗರ್ ರಕ್ತಕ್ಕೆ ತಡವಾಗಿ ಬರುತ್ತದೆ. ಪನೀರ್ ಗ್ರೇವಿ ಉಂಡ ದಿನ ನಾಲ್ಕನೇ ಗಂಟೆಗೆ ನೋಡಿದರೆ ಎರಡನೇ ಗಂಟೆಗಿಂತ ಮೇಲಿರುತ್ತಿತ್ತು. ಸಂಜೆಯ ಶುಗರ್ ಯಾಕೆ ಜಾಸ್ತಿ ಬಂತು ಎಂದು ತಲೆ ಕೆಡಿಸಿಕೊಳ್ಳುವವರು ಮಧ್ಯಾಹ್ನ ಏನು ಉಂಡೆವು ಎಂದು ನೆನಪಿಸಿಕೊಳ್ಳಬೇಕು. ಮನೆಯಲ್ಲೇ ಕೆನೆ ತೆಗೆದ ಹಾಲಿಗೆ ನಿಂಬೆ ಹಿಂಡಿ ಒಡೆಸಿ, ಬಟ್ಟೆಯಲ್ಲಿ ಕಟ್ಟಿ ಮಾಡಿದ ಪನೀರ್ ಸ್ವಲ್ಪ ಪುಡಿಪುಡಿ ಆಗುತ್ತದೆ. ಆದರೆ ಈ ತಾಪತ್ರಯ ಕಡಿಮೆ.

ಮೊಳಕೆ ಕಾಳಿನ ಬಗ್ಗೆ ಜನರಿಗೆ ನಂಬಿಕೆ ಜಾಸ್ತಿ. ಮೊಳಕೆ ಬಂದರೆ ಪ್ರೋಟೀನ್ ಇಮ್ಮಡಿ ಆಗುತ್ತದೆ ಎನ್ನುತ್ತಾರೆ. ಆಗುವುದಿಲ್ಲ. ಹೆಸರು ಕಾಳಾಗಲಿ ಮಡಕಿ ಕಾಳಾಗಲಿ, ನೀರು ಕುಡಿದು ತೂಕ ಇಮ್ಮಡಿ ಆಗುತ್ತದೆ ಅಷ್ಟೇ. 30 ಗ್ರಾಂ ಒಣ ಹೆಸರಿನಲ್ಲಿದ್ದ ಏಳು ಗ್ರಾಂ ಪ್ರೋಟೀನ್ ಮೊಳಕೆಯಲ್ಲೂ ಸುಮಾರು ಏಳು ಗ್ರಾಂ. ಆದರೂ ನನಗೆ ಇದು ಇಷ್ಟ, ಯಾಕೆಂದರೆ ಉಸುಳಿ ಮಾಡಿ ಒಂದು ಬಟ್ಟಲು ತಿಂದರೆ ಹೊಟ್ಟೆ ತುಂಬುತ್ತದೆ, ರೊಟ್ಟಿ ತಾನಾಗಿಯೇ ಕಡಿಮೆ ಆಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಜೋಪಾನ. ನಮ್ಮ ಕಡೆಯ 42 ಡಿಗ್ರಿ ಬಿಸಿಲಿನಲ್ಲಿ ಬಟ್ಟೆಯಲ್ಲಿ ಕಟ್ಟಿಟ್ಟ ಕಾಳು ಬೇಗ ಹಳಸುತ್ತದೆ. ಕೈಗೆ ಅಂಟಂಟು ಹತ್ತಿದರೆ, ಹುಳಿ ವಾಸನೆ ಬಂದರೆ ಚೆಲ್ಲಿಬಿಡಿ. ಮೂಗಿಗೆ ಏನೂ ಗೊತ್ತಾಗದಿದ್ದರೂ ಹಸಿ ಮೊಳಕೆಯಲ್ಲಿ ಸಾಲ್ಮೊನೆಲ್ಲಾದಂಥ ರೋಗಾಣು ಇರಬಹುದು. ಶುಗರ್ ಇರುವವರು, ಅದರಲ್ಲೂ ಕಿಡ್ನಿ ಸೋತವರು ಬೇಯಿಸಿಯೇ ತಿನ್ನಬೇಕು.

ಇನ್ನು ಅಕ್ಕನ ವಿಷಯ. ಅವಳಿಗೆ 65 ವರ್ಷ, 55 ಕೆಜಿ ತೂಕ. ಕಿಡ್ನಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಸ ರಕ್ತದಲ್ಲಿ 1.1 ಬಂದಿತ್ತು. ಮನೆಯವರೆಲ್ಲ ನಾರ್ಮಲ್ ಎಂದೇ ತಿಳಿದಿದ್ದರು. ಆದರೆ ವಯಸ್ಸಾದ ಸಣ್ಣ ಮೈಕಟ್ಟಿನ ಹೆಂಗಸರಲ್ಲಿ ಮಾಂಸಖಂಡ ಕಡಿಮೆ ಇರುತ್ತದೆ, ಕ್ರಿಯಾಟಿನಿನ್ ಹುಟ್ಟುವುದೇ ಕಡಿಮೆ. ಆ ವಯಸ್ಸಿಗೆ 1.1 ಎಂದರೆ ಇಜಿಎಫ್‌ಆರ್, ಅಂದರೆ ಕಿಡ್ನಿ ರಕ್ತ ಸೋಸುವ ವೇಗದ ಅಂದಾಜು, ಸುಮಾರು 55. ಮೂರು ತಿಂಗಳಿಗಿಂತ ಹೆಚ್ಚು ಕಾಲ 60ಕ್ಕಿಂತ ಕೆಳಗಿದ್ದರೆ ಅದು ಕಿಡ್ನಿ ಕಾಯಿಲೆಯೇ. ಜೊತೆಗೆ ಮೂತ್ರದ ಎಸಿಆರ್ ಕೂಡ 30ರ ಮೇಲಿತ್ತು. ಅಂದರೆ ಪ್ರೋಟೀನ್ ಮೂತ್ರದಲ್ಲಿ ಸೋರುತ್ತಿತ್ತು. ಟೈಪ್ 2 ಶುಗರ್ ಎಂದು ಗೊತ್ತಾದ ವರ್ಷದಿಂದಲೇ ಈ ಎರಡನ್ನೂ ವರ್ಷಕ್ಕೊಮ್ಮೆ ಮಾಡಿಸಬೇಕು. ಪ್ರೋಟೀನ್ ಹೆಚ್ಚಿಸುವ ಮುಂಚೆಯಂತೂ ಮಾಡಿಸಲೇಬೇಕು. ಮೂತ್ರದಲ್ಲಿ ನೊರೆ, ಕಾಲಿನಲ್ಲಿ ಬಾವು ಬರುವವರೆಗೆ ಕಾದರೆ ತಡವಾಗಿರುತ್ತದೆ.

"ಹಂಗಾದ್ರ ಬ್ಯಾಳಿ ಬಿಟ್ಟೇ ಬಿಡಬೇಕೇನೋ ತಮ್ಮಾ?" ಎಂದು ಅಕ್ಕ ಕೇಳಿದಳು. ಬಿಡಬಾರದು. ಕಿಡ್ನಿ ಎಂದ ತಕ್ಷಣ ಬೇಳೆ, ಕಾಳು ಎಲ್ಲ ನಿಲ್ಲಿಸಿ ಬರೀ ಅನ್ನ, ಗಂಜಿ ಉಣ್ಣುವವರಿದ್ದಾರೆ. ಶುಗರ್ ಏರುತ್ತದೆ, ಮೈಯ ಮಾಂಸ ಕರಗುತ್ತದೆ. ಆಹಾರ ತಜ್ಞರು ಅಕ್ಕನಿಗೆ ಹೇಳಿದ್ದು ಪ್ರತಿ ಕೆಜಿ ತೂಕಕ್ಕೆ ದಿನಕ್ಕೆ 0.8 ಗ್ರಾಂ ಪ್ರೋಟೀನ್. 55 ಕೆಜಿಗೆ 44 ಗ್ರಾಂ ಆಯಿತು. ದಿನಕ್ಕೆ ಮೂರು ರೊಟ್ಟಿಯಿಂದಲೇ 15 ಗ್ರಾಂ ಬರುತ್ತದೆ. ರೊಟ್ಟಿಯಲ್ಲೂ ಪ್ರೋಟೀನ್ ಇದೆ ಎಂಬುದನ್ನು ನಾವು ಮರೆತೇಬಿಡುತ್ತೇವೆ. ಹಾಲು, ಮೊಸರಿನಿಂದ ಒಂಬತ್ತು, ಬೆಳಗಿನ ಉಪ್ಪಿಟ್ಟಿನಿಂದ ನಾಲ್ಕೈದು, ತರಕಾರಿಯಿಂದ ಎರಡು. ಉಳಿಯುವುದು ಹದಿಮೂರು, ಹದಿನಾಲ್ಕು. ಮಧ್ಯಾಹ್ನ ಒಂದು ಬಟ್ಟಲು, ರಾತ್ರಿ ಒಂದು ಬಟ್ಟಲು ಬೇಳೆಗೆ ಅಲ್ಲಿಗೆ ಸರಿಹೋಯಿತು. ನನ್ನ ಲೆಕ್ಕದ ಸೋಯಾ ಅಥವಾ ಪನೀರ್ ಇದರ ಮೇಲೆ ಸೇರಿದರೆ 60 ಗ್ರಾಂ ಹತ್ತಿರ ಹೋಗುತ್ತದೆ. ಸೋತ ಕಿಡ್ನಿಗೆ ಅದು ಹೊರೆ.

ಪನೀರ್ ಅವಳಿಗೆ ಹಿಂದೆ ಬಿದ್ದದ್ದಕ್ಕೆ ಇನ್ನೊಂದು ಕಾರಣ ರಂಜಕ, ಅಂದರೆ ಫಾಸ್ಫರಸ್. ಸೋತ ಕಿಡ್ನಿ ಅದನ್ನು ಸರಿಯಾಗಿ ಹೊರಹಾಕಲಾರದು. ಹಾಲಿನ ಪದಾರ್ಥದ ರಂಜಕ ಮೈಗೆ ಸುಲಭವಾಗಿ ಸೇರುತ್ತದೆ. ಬೇಳೆಯ ರಂಜಕದ ಬಹುಪಾಲು ಫೈಟೇಟ್ ಎಂಬ ರೂಪದಲ್ಲಿ ಕಟ್ಟಿಹಾಕಿದಂತೆ ಇರುತ್ತದೆ, ನಮ್ಮ ಕರುಳು ಅದನ್ನು ಪೂರ್ತಿ ಬಿಡಿಸಿಕೊಳ್ಳಲಾರದು. ಕಾಗದದ ಮೇಲಿನ ಅಂಕ ಒಂದೇ ಇದ್ದರೂ ರಕ್ತಕ್ಕೆ ಸೇರುವುದು ಬೇಳೆಯದು ಕಡಿಮೆ. ನನ್ನ ಪಟ್ಟಿಯಲ್ಲಿ ಹಿಂದಿದ್ದ ಬೇಳೆ ಅವಳ ಪಟ್ಟಿಯಲ್ಲಿ ಮುಂದೆ ಬಂದದ್ದು ಹೀಗೆ.

ಬೇಳೆಗೆ ಇರುವ ತೊಡಕು ಪೊಟ್ಯಾಸಿಯಂ, ಸೋತ ಕಿಡ್ನಿಯಿಂದ ಇದೂ ಸರಿಯಾಗಿ ಹೊರಹೋಗದೆ ರಕ್ತದಲ್ಲಿ ಏರಬಹುದು. ಅಕ್ಕನ ರಕ್ತದಲ್ಲಿ ಅದು ಸದ್ಯ ಸರಿಯಾಗಿದೆ, ಹಾಗಾಗಿ ಅವಳಿಗೆ ಈ ಕಟ್ಟುಪಾಡಿಲ್ಲ. ರಿಪೋರ್ಟಿನಲ್ಲಿ 5.5ರ ಮೇಲೆ ಬಂದವರಿಗೆ ಮಾತ್ರ ಬೇಳೆಯನ್ನು ಜಾಸ್ತಿ ನೀರಿನಲ್ಲಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿ, ಬೆಂದ ನೀರನ್ನೂ ಬಸಿದು ಉಣ್ಣಲು ಹೇಳುತ್ತಾರೆ. ಇಲ್ಲೇ ನಮ್ಮ ಮನೆಗಳಲ್ಲಿ ತಪ್ಪಾಗುವುದು. ಕಾಯಿಲೆಯವರಿಗೆ ಹಗುರ ಆಗಲಿ ಎಂದು ಬೇಳೆ ತೆಗೆದಿಟ್ಟು ಕಟ್ಟಿನ ಸಾರು ಕೊಡುತ್ತೇವೆ. ಬೇಳೆಯಿಂದ ಹೊರಬಂದ ಪೊಟ್ಯಾಸಿಯಂ ಇರುವುದು ಆ ಕಟ್ಟಿನಲ್ಲೇ. ಪ್ರೋಟೀನ್ ಮಾತ್ರ ಹೆಚ್ಚಿನ ಪಾಲು ಬೇಳೆಯಲ್ಲೇ ಉಳಿದಿರುತ್ತದೆ. ಅಂಥವರಿಗೆ ಬಸಿದ ಬೇಳೆ ಕೊಡಬೇಕು, ಕಟ್ಟು ಬಿಡಬೇಕು.

ಇನ್ನೊಂದು ಸೂಚನೆಯನ್ನು ಕಡೆಗಣಿಸಬೇಡಿ. ಊಟ, ಮಾತ್ರೆ ಏನೂ ಬದಲಾಗದೆ ಶುಗರ್ ತಾನಾಗಿ ಇಳಿಯತೊಡಗಿದರೆ ಪಥ್ಯ ಕೈಹಿಡಿಯಿತು ಎಂದು ಖುಷಿಪಡುವವರಿದ್ದಾರೆ. ಕಿಡ್ನಿ ಸೋತಾಗ ಇನ್ಸುಲಿನ್ ಮತ್ತು ಕೆಲವು ಮಾತ್ರೆಗಳು ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತವೆ, ಅದರಿಂದಲೂ ಹೀಗಾಗುತ್ತದೆ. ತಕ್ಷಣ ಇಜಿಎಫ್‌ಆರ್ ನೋಡಿಸಿ.

ಡಯಾಲಿಸಿಸ್ ಶುರುವಾದವರು ಅಕ್ಕನ ಲೆಕ್ಕವನ್ನು ಅನುಸರಿಸಬಾರದು. ಡಯಾಲಿಸಿಸ್‌ನಲ್ಲಿ ಪ್ರೋಟೀನ್ ಹೊರಗೆ ಹೋಗುತ್ತದೆ, ಅವರಿಗೆ ಪ್ರತಿ ಕೆಜಿಗೆ 1ರಿಂದ 1.2 ಗ್ರಾಂ ಬೇಕು. ಅಲ್ಲಿ ಹಿಂಡಿ ತೊಳೆದ ಸೋಯಾ, ಅಳತೆಯ ಪನೀರ್ ಮತ್ತೆ ತಟ್ಟೆಗೆ ಬರಬಹುದು. ಎಷ್ಟು ಎಂಬುದನ್ನು ಆ ತಿಂಗಳ ಪೊಟ್ಯಾಸಿಯಂ, ರಂಜಕದ ರಿಪೋರ್ಟ್ ನೋಡಿ ಡಯಾಲಿಸಿಸ್ ಘಟಕದ ಡಾಕ್ಟರೇ ಹೇಳಬೇಕು.