ಪುಡಿ, ಕಾಳು, ಹರಳು: ಮೂರು ಇನ್‌ಸ್ಟಂಟ್ ಕಾಫಿಗಳ ಹೋಲಿಕೆ

ತೀರ್ಥಹಳ್ಳಿ ಕಡೆಯ ಅಂಗಡಿಗಳಲ್ಲಿ ಇನ್‌ಸ್ಟಂಟ್ ಕಾಫಿ ಮೂರು ರೂಪಗಳಲ್ಲಿ ಸಿಗುತ್ತದೆ: ನುಣ್ಣನೆಯ ಪುಡಿ, ಉರುಟಾದ ಪುಟ್ಟ ಕಾಳು ಮತ್ತು ಅಂಚು ಚೂಪಾಗಿರುವ ಹರಳು. ಹರಳಿನ ಬೆಲೆ ಪುಡಿಯ ಬೆಲೆಗಿಂತ ದುಪ್ಪಟ್ಟಿಗೂ ಹೆಚ್ಚು. ನಮ್ಮ ಮನೆಯಲ್ಲಿ ನಡೆಯುವುದು ಫಿಲ್ಟರ್ ಕಾಫಿಯೇ ಆದರೂ, ಬೆಳಗಿನ ಜಾವ ತೋಟಕ್ಕೆ ಹೊರಡುವವರಿಗೆ ಡಿಕಾಕ್ಷನ್ ಇಳಿಯುವವರೆಗೆ ಕಾಯುವ ಪುರುಸೊತ್ತು ಇರುವುದಿಲ್ಲ. ಹೀಗಾಗಿ ಈ ಮೂರನ್ನೂ ತಂದು, ಒಂದೇ ತೂಕದಲ್ಲಿ, ಒಂದೇ ನೀರಿನಲ್ಲಿ ಕಲಸಿ ಕುಡಿದು ನೋಡಿದೆವು. ಮೂರೂ ಚಿಕೋರಿ ಬೆರೆಸದವು. ಚಿಕೋರಿ ಇದ್ದರೆ ಅದರ ಪ್ರಮಾಣವನ್ನು ಲೇಬಲ್ ಮೇಲೆ ನಮೂದಿಸಿರುತ್ತಾರೆ. ಅದನ್ನು ನೋಡದೆ ಕೊಂಡು ಹೋಲಿಸಿದರೆ ನಾವು ಅಳೆಯುವುದು ಚಿಕೋರಿಯ ರುಚಿಯನ್ನೇ ಹೊರತು ಕಾಫಿಯನ್ನು ಒಣಗಿಸಿದ ವಿಧಾನವನ್ನಲ್ಲ.

ಮೊದಲಿಗೆ ಒಂದು ತಪ್ಪು ಕಲ್ಪನೆಯನ್ನು ಬಿಡಿಸಬೇಕು. ಕಾಳಿನ ರೂಪದಲ್ಲಿರುವುದೆಲ್ಲ ಫ್ರೀಜ್ ಡ್ರೈ, ಅಂದರೆ ಹೆಪ್ಪುಗಟ್ಟಿಸಿ ಒಣಗಿಸಿದ ಕಾಫಿ ಎಂದು ಹಲವರು ತಿಳಿದಿರುತ್ತಾರೆ. ವಾಸ್ತವವಾಗಿ ಉರುಟಾದ ಕಾಳು ಸ್ಪ್ರೇ ಡ್ರೈ, ಅಂದರೆ ತುಂತುರಾಗಿಸಿ ಬಿಸಿಗಾಳಿಯಲ್ಲಿ ಒಣಗಿಸಿದ ಪುಡಿಯದೇ ಇನ್ನೊಂದು ರೂಪ: ಪುಡಿಯನ್ನು ಹಬೆಯಲ್ಲಿ ಸ್ವಲ್ಪ ತೇವಗೊಳಿಸಿ, ಕಣಗಳು ಒಂದಕ್ಕೊಂದು ಅಂಟಿಕೊಂಡ ಮೇಲೆ ಮತ್ತೆ ಒಣಗಿಸುತ್ತಾರೆ. ಕಾಳನ್ನು ಬೆರಳುಗಳ ನಡುವೆ ಹಿಸುಕಿದರೆ ಅದು ಸುಲಭವಾಗಿ ಪುಡಿಯಾಗುತ್ತದೆ. ಫ್ರೀಜ್ ಡ್ರೈ ಹರಳಾದರೋ ಒಡೆದ ಕಲ್ಲಿನ ಚೂರಿನಂತೆ ಮೂಲೆಗಳಿರುವ, ಬಣ್ಣದಲ್ಲಿ ತುಸು ತಿಳಿಯಾದ ತುಂಡು. ಲೇಬಲ್ ಮೇಲೆ ಸ್ಪಷ್ಟವಾಗಿ ಬರೆದಿಲ್ಲದಿದ್ದಾಗ ಈ ಆಕಾರವೇ ಗುರುತು.

ಎರಡೂ ವಿಧಾನಗಳಲ್ಲಿ ಮೊದಲ ಅರ್ಧ ಒಂದೇ. ಹುರಿದು ತರಿತರಿಯಾಗಿ ಬೀಸಿದ ಕಾಫಿಯನ್ನು ಸಾಲಾಗಿ ನಿಲ್ಲಿಸಿದ ಕಂಬದಂಥ ಉಕ್ಕಿನ ಪಾತ್ರೆಗಳಲ್ಲಿ ತುಂಬಿ, ಒತ್ತಡದಲ್ಲಿ ಬಿಸಿನೀರು ಹರಿಸುತ್ತಾರೆ. ಈ ನೀರು ಕುದಿಬಿಂದುವನ್ನು ದಾಟಿ 170ರಿಂದ 180 ಡಿಗ್ರಿಯವರೆಗೂ ಹೋಗಬಲ್ಲದು. ನಮ್ಮ ಫಿಲ್ಟರಿನಲ್ಲಿ ಪುಡಿಯ ತೂಕದ ಸುಮಾರು ಐದನೇ ಒಂದು ಭಾಗ ನೀರಿಗೆ ಇಳಿದರೆ, ಅಲ್ಲಿ ಅರ್ಧದ ಹತ್ತಿರದವರೆಗೂ ಹಿಂಡಿ ತೆಗೆಯುತ್ತಾರೆ. ಸಾಧಾರಣ ಕುದಿನೀರಿಗೆ ಬಗ್ಗದ, ಬೀಜದ ನಾರಿನ ಭಾಗವೂ ಆ ಬಿಸಿಯಲ್ಲಿ ಒಡೆದು ಕರಗುತ್ತದೆ. ಇನ್‌ಸ್ಟಂಟ್ ಕಾಫಿಗೆ ಅಂಟಿಕೊಂಡಿರುವ ಆ ಬೇಯಿಸಿದಂಥ ವಾಸನೆಯಲ್ಲಿ ಬಹುಪಾಲು ಹುಟ್ಟುವುದು ಇಲ್ಲಿಯೇ, ಒಣಗಿಸುವ ಹಂತದಲ್ಲಲ್ಲ. ಆದ್ದರಿಂದ ಎಷ್ಟೇ ದುಬಾರಿ ಹರಳು ತಂದರೂ ಅದು ಫಿಲ್ಟರ್ ಕಾಫಿಯಾಗುವುದಿಲ್ಲ.

ಈ ಕಷಾಯವನ್ನು ಗಟ್ಟಿಗೊಳಿಸಿದ ಬಳಿಕ ದಾರಿ ಕವಲೊಡೆಯುತ್ತದೆ. ಸ್ಪ್ರೇ ಡ್ರೈ ಮಾಡುವಾಗ ಎತ್ತರದ ಗೋಪುರದ ನೆತ್ತಿಯಿಂದ ಅದನ್ನು ತುಂತುರಾಗಿ ಚಿಮ್ಮಿಸಿ, 200 ಡಿಗ್ರಿಗೂ ಮೀರಿದ ಬಿಸಿಗಾಳಿಯನ್ನು ಹಾಯಿಸುತ್ತಾರೆ. ಹನಿ ಕೆಳಗೆ ಬೀಳುವ ಕೆಲವೇ ಕ್ಷಣಗಳಲ್ಲಿ ಒಣಗಿ ಒಳಗೆ ಟೊಳ್ಳಾದ ಗೋಲವಾಗುತ್ತದೆ. ಇಷ್ಟು ಬಿಸಿಗೆ ಕಾಫಿ ಸುಟ್ಟುಹೋಗುತ್ತದೆ ಎನ್ನುವುದು ಪೂರ್ತಿ ಸರಿಯಲ್ಲ, ಏಕೆಂದರೆ ನೀರು ಆವಿಯಾಗುತ್ತಿರುವವರೆಗೂ ಹನಿಯು ಸುತ್ತಲಿನ ಗಾಳಿಗಿಂತ ಬಹಳ ತಣ್ಣಗಿರುತ್ತದೆ. ನಷ್ಟವಾಗುವುದು ಆವಿಯೊಡನೆ ಹಾರಿಹೋಗುವ ಘಮ. ಹನಿಯ ಹೊರಮೈ ಬೇಗ ಗಟ್ಟಿಯಾದರೆ ನೀರಿನ ಚಿಕ್ಕ ಕಣಗಳು ಹೊರಬಂದರೂ ಘಮದ ದೊಡ್ಡ ಕಣಗಳು ಒಳಗೇ ಸಿಕ್ಕಿಕೊಳ್ಳುತ್ತವೆ. ಹಾಗಾಗಿ ಕಷಾಯ ಗಟ್ಟಿಯಿದ್ದಷ್ಟೂ ಘಮ ಹೆಚ್ಚು ಉಳಿಯುತ್ತದೆ.

ಫ್ರೀಜ್ ಡ್ರೈ ಮಾಡುವಾಗ ಅದೇ ಕಷಾಯವನ್ನು ಸುಮಾರು ಮೈನಸ್ 40 ಡಿಗ್ರಿಗೆ ಹೆಪ್ಪುಗಟ್ಟಿಸಿ, ಹಲಗೆಯಂತಾದದ್ದನ್ನು ಒಡೆದು ಜರಡಿ ಹಿಡಿದು, ನಿರ್ವಾತ ಕೋಣೆಯಲ್ಲಿ ತಟ್ಟೆಗಳ ಮೇಲೆ ಹರಡುತ್ತಾರೆ. ಒತ್ತಡವು 6 ಮಿಲಿಬಾರಿಗಿಂತ ಕೆಳಗಿಳಿದಾಗ ಮಂಜುಗಡ್ಡೆಗೆ ನೀರಾಗಿ ಕರಗುವ ದಾರಿಯೇ ಇರುವುದಿಲ್ಲ. ಅದು ನೇರವಾಗಿ ಆವಿಯಾಗಿ ಹೋಗುತ್ತದೆ. ಇದಕ್ಕೆ ಗಂಟೆಗಟ್ಟಲೆ ಸಮಯ, ವಿದ್ಯುತ್ತು ಮತ್ತು ನಿರ್ವಾತದ ಯಂತ್ರಗಳು ಬೇಕು. ಬೆಲೆಯ ಅಂತರಕ್ಕೆ ಮುಖ್ಯ ಕಾರಣ ಅದೇ. ಅವಸರಪಟ್ಟು ತಟ್ಟೆಯನ್ನು ಹೆಚ್ಚು ಬಿಸಿಮಾಡಿದರೆ ಹರಳು ಒಳಗೊಳಗೇ ಮೆತ್ತಗಾಗಿ, ಕುಸಿದು ಅಂಟಂಟಾಗುತ್ತದೆ. ಇನ್ನೊಂದು ಕಾರಣವನ್ನೂ ಮರೆಯಬಾರದು: ಇಷ್ಟು ಖರ್ಚು ಮಾಡುವ ತಯಾರಕರು ಸಾಮಾನ್ಯವಾಗಿ ಬೀಜವನ್ನೂ ಒಳ್ಳೆಯದನ್ನೇ ಆರಿಸುತ್ತಾರೆ. ಅರೇಬಿಕಾದ ಪಾಲು ಹರಳಿನಲ್ಲಿ ಹೆಚ್ಚು, ರೋಬಸ್ಟಾದ ಪಾಲು ಅಗ್ಗದ ಪುಡಿಯಲ್ಲಿ ಹೆಚ್ಚು. ನಾಲಿಗೆಗೆ ಕಾಣುವ ವ್ಯತ್ಯಾಸದಲ್ಲಿ ಬೀಜದ್ದೆಷ್ಟು, ವಿಧಾನದ್ದೆಷ್ಟು ಎಂದು ಮನೆಯಲ್ಲಿ ಕುಳಿತು ಬೇರ್ಪಡಿಸಲಾಗದು.

ಈಗ ರುಚಿಯ ವಿಷಯ. ಚಮಚದ ಅಳತೆ ಮೂರಕ್ಕೂ ಒಂದೇ ಆಗುವುದಿಲ್ಲವಾದ್ದರಿಂದ ತಕ್ಕಡಿಯಲ್ಲಿ ತಲಾ 2 ಗ್ರಾಂ ತೂಗಿ, 150 ಮಿಲಿಲೀಟರ್ ನೀರಿನಲ್ಲಿ, ಸಕ್ಕರೆಯಿಲ್ಲದೆ ಕಲಸಿದೆವು. ಯಾವ ಲೋಟದಲ್ಲಿ ಯಾವುದಿದೆ ಎಂದು ಹೇಳದೆ ಅತ್ತಿಗೆಯ ಮುಂದೆ ಇಟ್ಟಾಗ ಅವರು ಹರಳಿನ ಲೋಟವನ್ನು ತಡವಿಲ್ಲದೆ ಗುರುತಿಸಿದರು. ಅದರಲ್ಲಿ ತೆಳುವಾದ ಹುಳಿ ಮತ್ತು ಹುರಿದ ಬೀಜದ ಘಮ ಇತ್ತು. ಪುಡಿಯ ಲೋಟದಲ್ಲಿ ಕಹಿಯ ಹಿಂದೆ ಒಗರು ಉಳಿಯುತ್ತಿತ್ತು. ಪುಡಿಗೂ ಕಾಳಿಗೂ ರುಚಿಯಲ್ಲಿ ಹೇಳಿಕೊಳ್ಳುವ ಅಂತರ ಸಿಗಲಿಲ್ಲ. ಕಾಳು ಗಂಟು ಕಟ್ಟದೆ ಕರಗುತ್ತದೆ, ಅಷ್ಟೆ.

ಹಾಲು ಬಿದ್ದ ಕೂಡಲೇ ಲೆಕ್ಕ ಬದಲಾಯಿತು. 30 ಮಿಲಿಲೀಟರ್ ನೀರು, 120 ಮಿಲಿಲೀಟರ್ ಗಟ್ಟಿ ಹಾಲು ಮತ್ತು ಸಕ್ಕರೆ ಸೇರಿಸಿ ಮಾಡಿದ ಕಾಫಿಯಲ್ಲಿ ಹರಳಿನ ಹುಳಿಯೂ ಘಮವೂ ಹಾಲಿನಡಿ ಅಡಗಿ, ಪುಡಿಯ ಕಹಿಯೇ ಎದ್ದು ನಿಂತಿತು. ಅತ್ತಿಗೆ ಎರಡನ್ನೂ ಕುಡಿದು, "ಇದು ಸ್ವಲ್ಪ ಗಟ್ಟಿ ಇದೆ ನೋಡಿ, ಇದನ್ನೇ ಇಟ್ಟುಕೊಳ್ಳೋಣ" ಎಂದು ಪುಡಿಯ ಲೋಟವನ್ನು ಎತ್ತಿಕೊಂಡರು. ನನ್ನ ಅಭಿಪ್ರಾಯವೂ ಅದೇ. ಹಾಲಿನ ಕಾಫಿಗೆ ಹರಳಿನ ದುಡ್ಡು ದಂಡ. ಕಪ್ಪು ಕಾಫಿ ಕುಡಿಯುವವರಿಗೆ ಮಾತ್ರ ಆ ಬೆಲೆ ಸಾರ್ಥಕ.

ರುಚಿ ಸುಧಾರಿಸಲು ಮಾಡಿದ ಪ್ರಯೋಗಗಳಲ್ಲಿ ಹೆಚ್ಚು ಫಲ ಕೊಟ್ಟದ್ದು ಪುಡಿಯನ್ನು ಹಾಲಿನಲ್ಲಿ ಕುದಿಸುವ ಅಭ್ಯಾಸವನ್ನು ಬಿಟ್ಟದ್ದು. ಉಳಿದಿರುವ ಅಲ್ಪ ಘಮವೂ ಕುದಿಯುವಾಗ ಅಡುಗೆಮನೆಯ ಪಾಲಾಗುತ್ತದೆ. ಪುಡಿಗೆ ಮೊದಲು ಎರಡು ಚಮಚ ತಣ್ಣೀರು ಹಾಕಿ ನುಣ್ಣಗೆ ಕಲಸಿ, ಆಮೇಲೆ ಕುದಿದು ಒಂದೆರಡು ನಿಮಿಷ ಆರಿದ ನೀರನ್ನೋ ಹಾಲನ್ನೋ ಸುರಿಯಬೇಕು. ನೇರವಾಗಿ ಕುದಿನೀರು ಸುರಿದರೆ ಪುಡಿಯ ಹೊರಪದರ ತಕ್ಷಣ ಅಂಟಾಗಿ ಒಳಗಿನದು ಒಣಗಂಟಾಗಿ ಉಳಿಯುತ್ತದೆ. ಅಗ್ಗದ ಪುಡಿಯ ಕಪ್ಪು ಕಾಫಿಗೆ ಕೆಲವೇ ಹರಳು ಉಪ್ಪು ಹಾಕಿದರೆ ಕಹಿ ತಗ್ಗುತ್ತದೆ. ಉಪ್ಪಿನ ರುಚಿ ತಿಳಿಯುವಷ್ಟು ಹಾಕಿದರೆ ಕೆಟ್ಟಿತು. ಜೋನಿ ಬೆಲ್ಲವನ್ನು ಪುಡಿಯ ಕಾಫಿಗೆ ಹಾಕಿದಾಗ ಚೆನ್ನಾಗಿ ಹೊಂದಿತು. ಹರಳಿನ ಕಾಫಿಗೆ ಹಾಕಿದಾಗ ಬೆಲ್ಲದ ವಾಸನೆ ಅದರ ಘಮವನ್ನು ನುಂಗಿಬಿಟ್ಟಿತು.

ಮಲೆನಾಡಿನ ಮಳೆಗಾಲದಲ್ಲಿ ಇದೆಲ್ಲಕ್ಕಿಂತ ದೊಡ್ಡ ಸಮಸ್ಯೆ ತೇವ. ಒಣಗಿದ ಕಷಾಯ ಗಾಳಿಯ ನೀರನ್ನು ಹೀರಿದರೆ ಮೊದಲು ಮೆತ್ತಗಾಗಿ, ಬಳಿಕ ಕಪ್ಪು ಹೆಂಟೆಯಾಗುತ್ತದೆ. ತೂತು ತೂತಾಗಿರುವ ಹರಳೂ ಇದಕ್ಕೆ ಹೊರತಲ್ಲ. ಆಷಾಢದಲ್ಲಿ ದೊಡ್ಡ ಬಾಟಲಿ ಒಡೆಯುವ ಬದಲು ಚಿಕ್ಕ ಪೊಟ್ಟಣಗಳನ್ನು ತರುವುದು, ಉಗಿ ಏಳುವ ಪಾತ್ರೆಯ ಮೇಲೆ ಬಾಟಲಿ ಹಿಡಿದು ಚಮಚ ಅದ್ದದಿರುವುದು, ಫ್ರಿಜ್ಜಿನಲ್ಲಿಟ್ಟರೆ ಅದು ಹೊರಗಿನ ಬಿಸಿಗೆ ಬಂದ ಮೇಲೆಯೇ ಮುಚ್ಚಳ ತೆಗೆಯುವುದು, ಇಷ್ಟನ್ನು ಪಾಲಿಸಿದರೆ ಸಾಕು. ಹೆಂಟೆಯಾಗಿದ್ದರೂ ಬೂಷ್ಟಿಲ್ಲದಿದ್ದರೆ ಅದು ಬಿಸಿನೀರಿನಲ್ಲಿ ಕರಗುತ್ತದೆ, ಆದರೆ ಘಮ ಹೋಗಿರುತ್ತದೆ. ಅದಕ್ಕೆ ಹಾಲು ಮತ್ತು ಬೆಲ್ಲ ಸ್ವಲ್ಪ ಧಾರಾಳವಾಗಿ ಬೇಕಾಗುತ್ತದೆ.